ಸಮೀಕ್ಷಾ ಸಲಹೆಗಾರರ ಕಾರ್ಯವ್ಯಾಪ್ತಿ ಪತ್ರದ ಕುರಿತು

ಎಲ್ಲರಿಗೂ ನಮಸ್ಕಾರ. ಕುಡಿಯುವ ನೀರಿನ ಸಮೀಕ್ಷೆಗೆ ಸಲಹೆಗಾರರನ್ನು ಗೊತ್ತು ಮಾಡುವ ಮೊದಲು ಕರಡನ್ನು ದಯವಿಟ್ಟು ಓದಿ. ಕಳೆದ ಬಾರಿ ‘ಅಗತ್ಯ ಕ್ಷೇತ್ರಕಾರ್ಯ’ ಎಂದಷ್ಟೇ ಬರೆದು ಪೆಟ್ಟು ತಿಂದೆವು. ಅವರು ಮೂರು ಹಳ್ಳಿಗೆ ಹೋಗಿ ಬಂದರು, ನಾವು ಎಂಟು ಅಂದುಕೊಂಡಿದ್ದೆವು. ಪತ್ರದ ಪ್ರಕಾರ ಇಬ್ಬರದೂ ಸರಿಯೇ!

ಈ ಸಲ ಹೀಗೆ ಬರೆದಿದ್ದೇನೆ: 8 ಹಳ್ಳಿ, ಪ್ರತಿಯೊಂದರಲ್ಲಿ 40 ಮನೆ. ಗಣತಿದಾರರ ಕೂಲಿ, ಪ್ರಯಾಣ, ಊಟ ಶುಲ್ಕದೊಳಗೇ ಸೇರಿವೆ. ನೀರಿನ ಪ್ರಯೋಗಾಲಯ ಪರೀಕ್ಷೆ ಸೇರಿಲ್ಲ. ‘ಸೇರಿಲ್ಲ’ ಎಂಬ ಸಾಲನ್ನು ಯಾರೂ ಅಳಿಸಬೇಡಿ, ಜಗಳ ಹುಟ್ಟುವುದು ಬರೆಯದೇ ಬಿಟ್ಟ ಕಡೆಯಲ್ಲೇ.

ವರದಿಯ ಜೊತೆಗೆ ಮೂಲ ದತ್ತಾಂಶದ ಎಕ್ಸೆಲ್ ಕಡತವೂ ನಮಗೆ ಬರಬೇಕು.

ಹಣದ ಕಂತುಗಳನ್ನು ದಿನಾಂಕಕ್ಕೆ ಕಟ್ಟಿಲ್ಲ, ನಾವು ಒಪ್ಪಿಕೊಂಡ ಕೆಲಸಕ್ಕೆ ಕಟ್ಟಿದ್ದೇನೆ. ಪ್ರಶ್ನಾವಳಿ ಒಪ್ಪಿದಾಗ ಶೇ. 20, ದತ್ತಾಂಶ ಒಪ್ಪಿದಾಗ ಶೇ. 40, ಅಂತಿಮ ವರದಿ ಒಪ್ಪಿದಾಗ ಉಳಿದ ಶೇ. 40. ಒಪ್ಪಿಗೆ ಎಂದರೇನು ಎಂಬುದೂ ಇದೆ: ದತ್ತಾಂಶದಲ್ಲಿ ನಾವು ಆರಿಸಿದ 16 ಮನೆಗಳಿಗೆ ಮತ್ತೆ ಹೋಗಿ ಕೇಳುತ್ತೇವೆ, ಎರಡಕ್ಕಿಂತ ಹೆಚ್ಚು ಮನೆಗಳ ಉತ್ತರ ತಾಳೆಯಾಗದಿದ್ದರೆ ಆ ಹಳ್ಳಿಗಳನ್ನು ಅವರೇ ಪುನಃ ಮಾಡಬೇಕು. ನಮಗೂ ಕಟ್ಟುಪಾಡಿದೆ. 10 ಕೆಲಸದ ದಿನಗಳೊಳಗೆ ಎಲ್ಲರ ಆಕ್ಷೇಪಗಳನ್ನು ಒಂದೇ ಪತ್ರದಲ್ಲಿ ಕಳುಹಿಸದಿದ್ದರೆ ಒಪ್ಪಿದಂತೆಯೇ ಲೆಕ್ಕ. ಪರಿಷ್ಕರಣೆ ಎರಡೇ ಸಲ. ಅವರಿಗೂ ನ್ಯಾಯ ಬೇಕಲ್ಲವೇ?

ಜಿಎಸ್‌ಟಿ ಶುಲ್ಕದ ಒಳಗೋ ಹೊರಗೋ ಎಂಬ ಸಾಲು ಖಾಲಿಯಿದೆ. ಖಜಾಂಚಿಯವರು ಗುರುವಾರದೊಳಗೆ ತುಂಬಿಕೊಡಬೇಕಾಗಿ ಕೋರುತ್ತೇನೆ.