ಒಂದೇ ಜಮೀನು, ಎರಡು ಲೆಕ್ಕ

ಚಿರಂಜೀವಿ ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಕಳಿಸಿದ ಕಥೆ ಓದಿದೆ. ಅಣ್ಣ ತಂಗಿ ಜಮೀನಿಗಾಗಿ ಜಗಳವಾಡುವ ಭಾಗ ಬಿಟ್ಟರೆ ಉಳಿದದ್ದು ಮನಸ್ಸಿಗೆ ಹಿಡಿಸಿತು. ಆ ಜಗಳದಲ್ಲಿ ತಂಗಿ ಕಾನೂನು ಹೇಳುತ್ತಾಳೆ, ಅಣ್ಣ ಗದರುತ್ತಾನೆ, ಅತ್ತಿಗೆ ಅಡುಗೆಮನೆಯಿಂದ ಚುಚ್ಚುತ್ತಾಳೆ. ಯಾರ ಕಡೆ ನಿಲ್ಲಬೇಕೆಂದು ಓದುವವರಿಗೆ ಮೊದಲ ಮಾತಿಗೇ ತಿಳಿದುಬಿಡುತ್ತದೆ. ಮೊದಲು ಆ ಅತ್ತಿಗೆಯನ್ನು ಅಲ್ಲಿಂದ ಎಬ್ಬಿಸು. ತಪ್ಪನ್ನೆಲ್ಲ ಹೊರಗಿನಿಂದ ಬಂದವಳ ಮೇಲೆ ಹಾಕಿದರೆ ಒಡಹುಟ್ಟಿದವರಿಬ್ಬರೂ ಸುಲಭವಾಗಿ ಪಾರಾಗುತ್ತಾರೆ.

ಕಥೆ ಯಾವ ವರ್ಷ ನಡೆಯುತ್ತದೆಂದು ನೀನು ಹೇಳಿಲ್ಲ. ಪಾಲಿನ ಜಗಳದಲ್ಲಿ ವರ್ಷ ಬದಲಾದರೆ ನ್ಯಾಯವೇ ಬದಲಾಗುತ್ತದೆ. ಜಮೀನು 3 ಎಕರೆ 20 ಗುಂಟೆ, ಪಿತ್ರಾರ್ಜಿತ. ತಂಗಿಯ ಮದುವೆ 1992ರಲ್ಲಿ. ಅಮ್ಮ ಮೊದಲೇ ಹೋಗಿದ್ದಾರೆ, ಅಪ್ಪ ಹೋದದ್ದು 2003ರಲ್ಲಿ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ನಮ್ಮ ರಾಜ್ಯ ತಂದ 1994ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು, ಆದರೆ ಅಷ್ಟರೊಳಗೆ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. ಆ ಲೆಕ್ಕದಲ್ಲಿ ಅಪ್ಪನಿಗೂ ಮಗನಿಗೂ ಅರ್ಧರ್ಧ, ಅಪ್ಪನ ಅರ್ಧದಲ್ಲಷ್ಟೇ ಮಗಳಿಗೆ ಪಾಲು. ಅಂದರೆ ಅವಳಿಗೆ 35 ಗುಂಟೆ. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂತು, ಮದುವೆಯಾದ ಮಗಳಿಗೂ ಸಮಪಾಲು ಎಂದಿತು. ಅದು ಜಾರಿಯಾದ ದಿನ ಅಪ್ಪ ಬದುಕಿರಬೇಕಿತ್ತು ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2020ರ ಆಗಸ್ಟ್ 11ರಂದು ಅದೇ ಕೋರ್ಟು, ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ, ಅಪ್ಪ ಬದುಕಿರಬೇಕೆಂದಿಲ್ಲ ಎಂದು ತೀರ್ಪು ಕೊಟ್ಟಿತು. ಆಗ ಅವಳ ಪಾಲು 1 ಎಕರೆ 30 ಗುಂಟೆ. ಆ ವರ್ಷ ಗೌರಿ ಹಬ್ಬ ಬಂದದ್ದು ಆಗಸ್ಟ್ 21ಕ್ಕೆ.

ನಿನ್ನ ಜಗಳ ಆ ಹಬ್ಬದ ದಿನ ನಡೆಯಲಿ. ಅಣ್ಣ ಪ್ರತಿವರ್ಷದಂತೆ ತಂಗಿಯ ಮನೆಗೆ ಬಾಗಿನ ತರುತ್ತಾನೆ. ಅದೇ ಬ್ಯಾಗಿನಲ್ಲಿ ಹಕ್ಕು ಬಿಡುಗಡೆ ಪತ್ರವೂ ಇರುತ್ತದೆ. ಅವನು ಮೋಸಗಾರನಲ್ಲ. ಮದುವೆಯಾಗಿ ಹೋದವಳಿಗೆ ಪಾಲಿಲ್ಲ, ತವರಿನ ಬಾಗಿನವೇ ಅವಳ ಹಕ್ಕು ಎಂದು ನಂಬಿಯೇ ಬೆಳೆದವನು. ತಂಗಿ ಪೇಪರ್ ಓದಿದ್ದಾಳೆ.

"ಇಲ್ಲೊಂದು ಸೈನ್ ಹಾಕಮ್ಮ. ಸೋಮವಾರ ಸಬ್‌ ರಿಜಿಸ್ಟ್ರಾರ್ ಆಫೀಸಿಗೆ ಬಂದುಹೋದ್ರೆ ಮುಗೀತು."

"ಪೇಪರಲ್ಲಿ ಏನೋ ಬಂದಿತ್ತಲ್ಲಣ್ಣ."

"ಎರಡು ಬೋರು ಫೇಲಾಯ್ತು. ಮೂರನೇದಕ್ಕೆ ನಿಮ್ಮತ್ತಿಗೆ ಸರ ಮಾರಿದೆ. ಅದು ಯಾವ ಪೇಪರಲ್ಲೂ ಬರಲಿಲ್ಲ."

"ಏಳನೇ ಕ್ಲಾಸಿಗೆ ನನ್ನ ಯಾಕೆ ಬಿಡಿಸಿದ್ರು? ಎಮ್ಮೆ ಕಾಯ್ದು ಹಾಲು ಹಾಕಿ ನಿನ್ನ ಹಾಸ್ಟೆಲ್ ದುಡ್ಡು ಕಟ್ಟಿದ್ದು ಯಾರು?"

"ಅಪ್ಪ ಮಲಗಿದಲ್ಲೇ ಇದ್ದಾಗ ಬಟ್ಟೆ ಬದಲಾಯಿಸಿದ್ದು ಯಾರು?"

ಇಲ್ಲಿ ಒಬ್ಬರೂ ಇನ್ನೊಬ್ಬರ ಮಾತಿಗೆ ಉತ್ತರ ಕೊಡುತ್ತಿಲ್ಲ ನೋಡು. ಇಬ್ಬರೂ ಹೇಳುತ್ತಿರುವುದು ನಿಜ, ಅಲ್ಲಗಳೆಯಲು ಇಬ್ಬರಿಗೂ ಆಗುವುದಿಲ್ಲ. ಅದಕ್ಕೇ ಉತ್ತರದ ಬದಲು ತಮ್ಮದೊಂದು ನಿಜವನ್ನು ಮುಂದಿಡುತ್ತಾರೆ. ಅಣ್ಣನ ಲೆಕ್ಕ ಅಪ್ಪ ಹಾಸಿಗೆ ಹಿಡಿದ ದಿನದಿಂದ ಶುರುವಾಗುತ್ತದೆ, ತಂಗಿಯದು ಶಾಲೆ ಬಿಡಿಸಿದ ದಿನದಿಂದ. ಲೆಕ್ಕ ಎಲ್ಲಿಂದ ಶುರು ಮಾಡಬೇಕು ಎಂಬುದೇ ಅವರ ನಿಜವಾದ ಜಗಳ. ಬರೆಯಲು ಕೂರುವ ಮೊದಲು ಆ ಎರಡು ದಿನಗಳನ್ನೂ ನೀನು ಬೇರೆ ಹಾಳೆಯಲ್ಲಿ ಪೂರ್ತಿ ಬರೆದು ನೋಡಬೇಕು. ಕಥೆಯೊಳಗೆ ಅದರ ಒಂದೊಂದು ಸಾಲು ಬಂದರೂ ಸಾಕು.

ಬೋರ್‌ವೆಲ್ ಎಲ್ಲಿದೆ ಎಂಬುದನ್ನೂ ನಿರ್ಧರಿಸಿಕೋ. ಪಹಣಿಯಲ್ಲಿ ಗುಂಟೆ ಹಂಚಿದಂತೆ ನೀರನ್ನು ಹಂಚಲಾಗುವುದಿಲ್ಲ. ಬೋರು ಮೂಡಲ ಕಡೆಗಿದ್ದು, ಆ ಭಾಗ ತಂಗಿಗೆ ಹೋಗಿ, ಅವಳ ಗಂಡ ಅದನ್ನು ಮಾರಿದರೆ ಅಣ್ಣನ ತೆಂಗಿಗೆ ನೀರಿಲ್ಲ. ಅವನನ್ನು ಒಳಗೊಳಗೇ ತಿನ್ನುತ್ತಿರುವುದು ಇದು. ಅವಳಿಗಿರುವ ಭಯ ಬೇರೆ. ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ, ಮುಂದಿನ ಗೌರಿಗೆ ಯಾರೂ ಬರುವುದಿಲ್ಲ. ಈ ಎರಡನ್ನೂ ಅವರ ಬಾಯಲ್ಲಿ ಆಡಿಸಬೇಡ. ಅವನು ಮೂಡಲ ಕಡೆ ಮಾತ್ರ ಮಾರಬೇಡಿ ಎನ್ನಲಿ, ಅವಳು ಬಾಗಿನದ ಮೊರವನ್ನು ಕೆಳಗಿಡದೆ ಮಡಿಲಲ್ಲೇ ಹಿಡಿದಿರಲಿ.

ಜಗಳ ಏರಿದಾಗ ದನಿ ಏರಲೇಬೇಕೆಂದಿಲ್ಲ. ಹುಟ್ಟಿದಾಗಿನಿಂದ ಅಣ್ಣನನ್ನು 'ನೀನು' ಎಂದವಳು, "ಕೊಡಿ, ನೀವು ಎಲ್ಲಿ ಹೇಳ್ತೀರೋ ಅಲ್ಲಿ ಹಾಕ್ತೀನಿ" ಎಂದರೆ ಅವನು ಪೆನ್ನು ಕೊಡಲಾರ. ನನ್ನ ಪ್ರಕಾರ ಆ ಮಾತಿಗಿಂತ ಮುಂದೆ ಈ ಜಗಳ ಹೋಗಬಾರದು. ಸೈನ್ ಬಿತ್ತೋ ಇಲ್ಲವೋ ಎಂಬುದು ಮುಂದಿನ ಅಧ್ಯಾಯಕ್ಕಿರಲಿ.

ಬರೆದಾದ ಮೇಲೆ ತಂಗಿಯ ಮಾತುಗಳನ್ನು ಮುಚ್ಚಿ ಅಣ್ಣನದಷ್ಟನ್ನೇ ಓದು, ಆಮೇಲೆ ಅಣ್ಣನದನ್ನು ಮುಚ್ಚಿ ಅವಳದನ್ನು. ಎರಡು ಸಲವೂ 'ಹೌದಲ್ಲ, ಇದು ಅನ್ಯಾಯ' ಎನ್ನಿಸಬೇಕು. ಒಬ್ಬರ ಮಾತು ಸಪ್ಪೆಯಾಗಿದ್ದರೆ ಅವರಿಗೆ ನೀನಿನ್ನೂ ಒಂದು ನಿಜವಾದ ನೋವು ಕೊಟ್ಟಿಲ್ಲ ಎಂದರ್ಥ. ನೀನೂ ಹೆಣ್ಣುಮಗಳು, ತಂಗಿಯ ಕಡೆಗೆ ಮನಸ್ಸು ವಾಲುವುದು ಸಹಜ. ಹಾಗಾಗಿ ಅಣ್ಣನ ಮಾತನ್ನೇ ಮೊದಲು ಬರೆ.

ತಿದ್ದಿದ್ದನ್ನು ದೀಪಾವಳಿಗೆ ಬರುವಾಗ ತಾ, ಕೂತು ಓದೋಣ.

ಇಂತಿ,
ನಿನ್ನ ದೊಡ್ಡಪ್ಪ