ವಿನಾಯಕನಿಗೆ ಮಾವನ ಪತ್ರ: ಎತ್ತಿಕೊಂಡವರನ್ನು ಎಲ್ಲಿ ಇಳಿಸುವುದು?

ಹೊನ್ನಾವರ

ಚಿ. ವಿನಾಯಕನಿಗೆ ನಿನ್ನ ಮಾವನ ಆಶೀರ್ವಾದಗಳು.

ಥರ್ಡ್ ಆಫೀಸರ್ ಆಗಿ ಟ್ಯಾಂಕರ್ ಹತ್ತುತ್ತಿದ್ದೀಯ, ಅದೂ ಮೆಡಿಟರೇನಿಯನ್ ಕಡೆಗೆ ಅಂತ ಅಕ್ಕ ಹೇಳಿದಳು. ತುಂಬಾ ಸಂತೋಷವಾಯಿತು. ನೀನು ಹೊರಡುವ ಮೊದಲು ಒಂದು ವಿಷಯ ಹೇಳಬೇಕು. ಫೋನಿನಲ್ಲಿ ಹೇಳಿದರೆ ಅರ್ಧ ಮರೆತು ಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಲಿಬಿಯಾ, ಟುನೀಶಿಯಾದ ದಡದಿಂದ ಯುರೋಪಿಗೆ ಹೊರಟ ವಲಸಿಗರ ದೋಣಿ ನೀನು ವಾಚ್ ಡ್ಯೂಟಿಯಲ್ಲಿರುವಾಗಲೇ ಕಾಣಿಸಬಹುದು. ಅವರನ್ನು ಎತ್ತಿಕೊಳ್ಳಬೇಕೋ ಬೇಡವೋ ಅನ್ನುವ ಪ್ರಶ್ನೆಯೇ ಇಲ್ಲ. ಅವರು ಯಾರು, ಹತ್ತಿರ ಪಾಸ್‌ಪೋರ್ಟ್ ಇದೆಯಾ ಅಂತ ಸಮುದ್ರದ ಕಾನೂನು ಕೇಳುವುದಿಲ್ಲ. ಹಡಗಿಗೆ ದೊಡ್ಡ ಅಪಾಯ ಆಗದಿದ್ದರೆ ಕ್ಯಾಪ್ಟನ್ ಹೋಗಲೇಬೇಕು. ಇದನ್ನು ನೀನು ಕೋರ್ಸ್‌ನಲ್ಲಿ ಓದಿದ್ದೀಯ. ಎತ್ತಿಕೊಂಡ ಮೇಲೆ ಅವರನ್ನು ಎಲ್ಲಿ ಇಳಿಸುವುದು ಅನ್ನುವುದನ್ನು ಮಾತ್ರ ಅಲ್ಲಿ ಜಾಸ್ತಿ ಹೇಳುವುದಿಲ್ಲ.

2020ರ ಆಗಸ್ಟ್ 4ರಂದು ಏನಾಯಿತು ನೋಡು. ಡೆನ್ಮಾರ್ಕ್ ಧ್ವಜದ ಮಾರ್ಸ್ಕ್ ಎಟಿಯೆನ್ ಅನ್ನುವ ಟ್ಯಾಂಕರ್ ಟುನೀಶಿಯಾ ಕಡೆ ಹೊರಟಿತ್ತು. ಒಂದು ದೋಣಿ ಕಷ್ಟದಲ್ಲಿದೆ, ಹೋಗಿ ನೋಡಿ ಅಂತ ಮಾಲ್ಟಾದ ಅಧಿಕಾರಿಗಳೇ ಕೇಳಿಕೊಂಡರು. ಹಡಗು ಹೋಯಿತು, 27 ಜನರನ್ನು ಹತ್ತಿಸಿಕೊಂಡಿತು. ಅಷ್ಟರಲ್ಲಿ ದೋಣಿ ಮುಳುಗಿತು. ಅಲ್ಲಿಗೆ ಹಡಗಿನವರ ಕೆಲಸ ಮುಗಿಯಬೇಕಿತ್ತು, ಅಲ್ವಾ? ಆದರೆ ಇಳಿಸಿಕೊಳ್ಳಲು ಮಾಲ್ಟಾ ಒಪ್ಪಲಿಲ್ಲ. ಹಡಗು ಮಾಲ್ಟಾದ ಹೊರಗೇ ನಿಂತಿತು. ಒಂದು ವಾರ ಆಯಿತು, ಎರಡಾಯಿತು, ಒಂದು ತಿಂಗಳೂ ದಾಟಿತು. ಹತ್ತಿಪ್ಪತ್ತು ಸಿಬ್ಬಂದಿಗಾಗಿ ತುಂಬಿಸಿದ ಅಡುಗೆ ಸಾಮಾನು, ನೀರು, ಹೊದಿಕೆಯನ್ನು ಎಲ್ಲರೂ ಹಂಚಿಕೊಂಡರು. ಬಂದವರಲ್ಲಿ ಒಬ್ಬಳು ಬಸುರಿ ಹೆಂಗಸು ಇದ್ದಳು. ಸೆಪ್ಟೆಂಬರ್ ಮೊದಲ ವಾರದಲ್ಲಿ ಮೂವರು ತಾಳಲಾರದೆ ನೀರಿಗೆ ಹಾರಿದರು. ಸಿಬ್ಬಂದಿ ಅವರನ್ನು ಎರಡನೇ ಸಲ ಎತ್ತಿದರು. ಕೊನೆಗೆ ಇಟಲಿಯ ಸ್ವಯಂಸೇವಾ ಸಂಸ್ಥೆಯೊಂದರ ಮಾರೆ ಜೋನಿಯೋ ಹಡಗು ಬಂದು ಅವರನ್ನು ಹತ್ತಿಸಿಕೊಂಡು ಸಿಸಿಲಿಯಲ್ಲಿ ಇಳಿಸಿತು. ಅವರು ಟ್ಯಾಂಕರ್‌ನಿಂದ ಇಳಿಯುವಷ್ಟರಲ್ಲಿ 38 ದಿನ ಕಳೆದಿತ್ತು.

ಯಾಕೆ ಹೀಗಾಗುತ್ತದೆ ಗೊತ್ತಾ? ಕಷ್ಟದಲ್ಲಿದ್ದವರನ್ನು ಹುಡುಕಿ ಉಳಿಸಲು ಸಮುದ್ರವನ್ನು ದೇಶಗಳು ರಕ್ಷಣಾ ವಲಯಗಳಾಗಿ ಹಂಚಿಕೊಂಡಿವೆ. ಯಾರ ವಲಯವೋ ಅವರ ರಕ್ಷಣಾ ಕೇಂದ್ರ ಕಾರ್ಯಾಚರಣೆ ನಡೆಸಬೇಕು. 2001ರಲ್ಲಿ ನಾರ್ವೆಯ ಟಾಂಪಾ ಹಡಗು ಆಸ್ಟ್ರೇಲಿಯಾದ ಕ್ರಿಸ್‌ಮಸ್ ದ್ವೀಪದ ಹತ್ತಿರ 433 ಜನರನ್ನು ಎತ್ತಿಕೊಂಡಿತು. ಆಸ್ಟ್ರೇಲಿಯಾ ಬಾಗಿಲು ಹಾಕಿತು, ಹಡಗಿಗೆ ಸೈನಿಕರನ್ನೇ ಹತ್ತಿಸಿತು. ಆ ಗಲಾಟೆಯ ನಂತರ, 2004ರಲ್ಲಿ, ಅಂತರರಾಷ್ಟ್ರೀಯ ಕಾನೂನು ತಿದ್ದಿದರು. ಉಳಿಸಿದವರಿಗೆ ಸುರಕ್ಷಿತ ಸ್ಥಳ ಸಿಗುವಂತೆ ನೋಡಿಕೊಳ್ಳುವ ಮುಖ್ಯ ಹೊಣೆ ಆ ವಲಯದ ದೇಶದ್ದು, ಹಡಗು ತನ್ನ ದಾರಿಯಿಂದ ಆದಷ್ಟು ಕಡಿಮೆ ತಪ್ಪುವಂತೆ ಮಾಡಿ ಬೇಗ ಬಿಟ್ಟುಕೊಡಬೇಕು ಅಂತ.

ಆದರೆ ಒಂದು ಮಾತು ಬಿಟ್ಟುಹೋಯಿತು. ಸ್ಥಳ ಹುಡುಕಿಕೊಡಿ ಅಂತ ಇದೆ, ನಿಮ್ಮ ಬಂದರಲ್ಲೇ ಇಳಿಸಿಕೊಳ್ಳಿ ಅಂತ ಇಲ್ಲ. ಇಡೀ ಜಗಳ ಈ ಸಂದಿಯಲ್ಲೇ ಕೂತಿದೆ. ಮಾಲ್ಟಾ ಪುಟ್ಟ ದ್ವೀಪ, ಅದರ ವಲಯ ಮಾತ್ರ ಟುನೀಶಿಯಾ ಕಡೆಯಿಂದ ಕ್ರೀಟ್ ಕಡೆಯವರೆಗೆ ಹಬ್ಬಿದೆ. ಆ ವಲಯದ ಎಷ್ಟೋ ಜಾಗಗಳಿಗೆ ಮಾಲ್ಟಾಕ್ಕಿಂತ ಇಟಲಿಯ ಲ್ಯಾಂಪೆಡೂಸಾ ದ್ವೀಪವೇ ಹತ್ತಿರ. ಹಾಗಾಗಿ ಮಾಲ್ಟಾ 2004ರ ತಿದ್ದುಪಡಿಯನ್ನು ಒಪ್ಪಲೇ ಇಲ್ಲ. ಎತ್ತಿದ ಜಾಗಕ್ಕೆ ಯಾವ ಸುರಕ್ಷಿತ ಬಂದರು ಹತ್ತಿರವೋ ಅಲ್ಲಿ ಇಳಿಸಿ ಅನ್ನುತ್ತದೆ. ನಿಮ್ಮ ವಲಯ, ನಿಮ್ಮ ಹೊಣೆ ಅನ್ನುತ್ತದೆ ಇಟಲಿ. ಇನ್ನು ಕೆಲವರು ಹಡಗಿನ ಧ್ವಜ ಯಾರದ್ದೋ ಅವರು ನೋಡಿಕೊಳ್ಳಲಿ ಅನ್ನುತ್ತಾರೆ. ಮಾಲ್ಟಾಕ್ಕೆ ನಿಜವಾದ ಭಾರ ಇದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಭಾರವನ್ನು ಟ್ಯಾಂಕರ್‌ನ ಡೆಕ್ ಮೇಲೆ ಮಲಗಿದವರ ಮೇಲೆ ಹೊರಿಸುವುದು ನನಗೆ ಯಾವತ್ತೂ ಸರಿ ಅನ್ನಿಸಿಲ್ಲ.

ಲಿಬಿಯಾ ವಿಷಯದಲ್ಲಿ ತುಂಬಾ ಹುಷಾರಾಗಿರು. 2018ರಿಂದ ಅದಕ್ಕೂ ಸ್ವಂತ ರಕ್ಷಣಾ ವಲಯ ಇದೆ. ವಾಪಸ್ ಟ್ರಿಪೋಲಿಗೆ ತಂದುಬಿಡಿ ಅಂತ ರೇಡಿಯೋದಲ್ಲಿ ಯಾರಾದರೂ ಹೇಳಬಹುದು. ಕೇಂದ್ರ ಯಾರದ್ದು ಅನ್ನುವುದು ಬೇರೆ, ಬಂದರು ಸುರಕ್ಷಿತವಾ ಅನ್ನುವುದು ಬೇರೆ. ಜೀವಕ್ಕೆ ಭಯ ಇರಬಾರದು, ಊಟ, ಸೂರು, ಔಷಧಿ ಸಿಗಬೇಕು, ಅದು ಸುರಕ್ಷಿತ ಸ್ಥಳ. ಲಿಬಿಯಾ ಹಾಗಿಲ್ಲ ಅಂತ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. 2018ರ ಜುಲೈನಲ್ಲಿ ಅಸ್ಸೋ ವೆಂತೊತ್ತೋ ಅನ್ನುವ ಇಟಲಿ ಧ್ವಜದ ಹಡಗು 101 ಜನರನ್ನು ಎತ್ತಿ ಟ್ರಿಪೋಲಿಗೆ ಮುಟ್ಟಿಸಿತು. ಅದರ ಕ್ಯಾಪ್ಟನ್‌ಗೆ ನೇಪಲ್ಸ್ ಕೋರ್ಟ್ ಒಂದು ವರ್ಷದ ಶಿಕ್ಷೆ ವಿಧಿಸಿತು. 2024ರಲ್ಲಿ ಇಟಲಿಯ ಅತ್ಯುನ್ನತ ಕೋರ್ಟ್ ಅದನ್ನೇ ಎತ್ತಿ ಹಿಡಿಯಿತು.

ಇನ್ನು ನಿನ್ನ ಕೆಲಸ. ನಿರ್ಧಾರ ಕ್ಯಾಪ್ಟನ್‌ದು, ಆದರೆ ಲಾಗ್ ಬುಕ್‌ನಲ್ಲಿ ಪೆನ್ನು ಇರುವುದು ನಿನ್ನ ಕೈಯಲ್ಲಿ. ಯಾವ ಕೇಂದ್ರ ಕರೆಯಿತು, ಎಷ್ಟು ಗಂಟೆಗೆ, ನಿಮ್ಮ ಪೊಸಿಷನ್ ಏನು, ಏನು ಹೇಳಿದರು, ನೀವು ಏನು ಉತ್ತರ ಕೊಟ್ಟಿರಿ, ಎಲ್ಲ ಆಗಿಂದಾಗಲೇ ಬರೆ. ಬಾಯಿಮಾತಿನಲ್ಲಿ ಬಂದ ಸೂಚನೆಯನ್ನು ಇಮೇಲ್‌ನಲ್ಲೂ ಕಳಿಸಿ ಅಂತ ಕೇಳಲು ಕ್ಯಾಪ್ಟನ್‌ಗೆ ನೆನಪಿಸು. ನಾಳೆ ಎರಡು ದೇಶಗಳು ನಾವು ಕರೆದೇ ಇಲ್ಲ ಅಂದಾಗ ನಿಮ್ಮನ್ನು ಕಾಯುವುದು ಆ ನಾಲ್ಕು ಸಾಲು. ಬಂದವರಿಗೆ ಆಶ್ರಯ ಸಿಗಬೇಕಾ ಬೇಡವಾ ಅಂತ ವಿಚಾರಿಸುವುದು ಹಡಗಿನವರ ಕೆಲಸ ಅಲ್ಲ. ಎಷ್ಟು ಜನ, ಯಾರಿಗೆ ಹುಷಾರಿಲ್ಲ, ಮಕ್ಕಳೆಷ್ಟು ಅಂತ ತಿಳಿದುಕೊಂಡರೆ ಸಾಕು. ಬಂದರು ಖಚಿತವಾಗುವ ಮೊದಲು ಅವರಿಗೆ ಯಾವ ಊರಿನ ಹೆಸರನ್ನೂ ಹೇಳಬೇಡ. ಸುಮ್ನೆ ಸಮಾಧಾನಕ್ಕೆ ಹೇಳಿದ ಹೆಸರು ಸುಳ್ಳಾದ ದಿನ ಡೆಕ್ ಮೇಲೆ ಏನು ಬೇಕಾದರೂ ಆಗಬಹುದು.

ಎತ್ತುವಾಗಿನ ಒಂದು ವಿಷಯವನ್ನೂ ಹೇಳಿಬಿಡುತ್ತೇನೆ. ನಾನು ಸೆಕೆಂಡ್ ಆಫೀಸರ್ ಆಗಿದ್ದಾಗ ಒಂದು ರಬ್ಬರ್ ದೋಣಿ ಸಿಕ್ಕಿತ್ತು. ಹಡಗು ಕಂಡ ಕೂಡಲೇ ಎಲ್ಲರೂ ಎದ್ದು ಒಂದೇ ಪಕ್ಕಕ್ಕೆ ನುಗ್ಗಿದರು. ದೋಣಿ ಮಗುಚುವುದು ಹಾಗೇ. ಅದಕ್ಕೇ ಮೊದಲು ಲೈಫ್ ಜಾಕೆಟ್ ಕೊಡಬೇಕು, ಕೂತಿರಿ ಅಂತ ಕೈಸನ್ನೆ ಮಾಡಬೇಕು, ಗಾಳಿಗೆ ಹಡಗನ್ನು ಅಡ್ಡ ಹಿಡಿದು ಆ ಮರೆಯಲ್ಲಿ ಒಬ್ಬೊಬ್ಬರನ್ನೇ ಹತ್ತಿಸಬೇಕು. ಲೈಫ್ ಸೇವಿಂಗ್ ಸಾಮಾನು ಸಾಮಾನ್ಯವಾಗಿ ಥರ್ಡ್ ಆಫೀಸರ್ ಜವಾಬ್ದಾರಿ. ಸ್ಪೇರ್ ಜಾಕೆಟ್ ಎಷ್ಟಿದೆ, ಪೈಲಟ್ ಏಣಿ, ಬಲೆ ಹೇಗಿದೆ ಅಂತ ಮೊದಲ ದಿನವೇ ನೋಡು.

ಆ ದಿನ ಒಬ್ಬ ಹೆಂಗಸು ಏಣಿಯ ಹಗ್ಗ ಹಿಡಿಯಲಾಗದೆ ಅಳುತ್ತಿದ್ದಳು. ಹೆದರಿಕೆ ಅಂದುಕೊಂಡೆವು. ಹತ್ತಿರ ಬಂದಾಗ ಪೆಟ್ರೋಲ್ ವಾಸನೆ ಮೂಗಿಗೆ ಹೊಡೆಯಿತು. ಹೆಂಗಸರನ್ನು ದೋಣಿಯ ಮಧ್ಯೆ ಕೂರಿಸುತ್ತಾರೆ. ಚೆಲ್ಲಿದ ಪೆಟ್ರೋಲ್ ಉಪ್ಪುನೀರಿನ ಜೊತೆ ಅಲ್ಲೇ ನಿಲ್ಲುತ್ತದೆ, ಗಂಟೆಗಟ್ಟಲೆ ಅದರಲ್ಲಿ ಕೂತರೆ ಚರ್ಮ ಸುಡುತ್ತದೆ. ಅವಳ ತೊಡೆ, ಅಂಗೈ ಎಲ್ಲ ಸುಲಿದು ಹೋಗಿತ್ತು. ನೆನಪಿಟ್ಟುಕೋ: ಒದ್ದೆ ಬಟ್ಟೆ ತಕ್ಷಣ ತೆಗೆಸಿ, ಸಿಹಿನೀರಿನಲ್ಲಿ ಚೆನ್ನಾಗಿ ತೊಳೆಸಬೇಕು. ಆ ಬಟ್ಟೆಯನ್ನು ಒಳಗೆ ಬಿಡಬೇಡ, ಟ್ಯಾಂಕರ್‌ನಲ್ಲಂತೂ ಬೇಡವೇ ಬೇಡ. ರೇಡಿಯೋದಲ್ಲಿ ವೈದ್ಯರ ಸಲಹೆ ಕೇಳಿ, ಅದನ್ನೂ ಲಾಗ್‌ನಲ್ಲಿ ಬರೆ. ತುರ್ತಾಗಿ ಆಸ್ಪತ್ರೆಗೆ ಸೇರಿಸಬೇಕು ಅಂತ ದೇಶವನ್ನು ಕೇಳುವಾಗ ಬೇಕಾಗುತ್ತದೆ.

ಇದನ್ನೆಲ್ಲ ಅಕ್ಕನಿಗೆ ಓದಿ ಹೇಳಬೇಡ, ನಿದ್ದೆ ಮಾಡುವುದಿಲ್ಲ. ಹಡಗು ಹತ್ತಿದ ಮೇಲೆ ಸ್ಪೇರ್ ಜಾಕೆಟ್ ಎಷ್ಟಿದೆ ಅಂತ ನನಗೊಂದು ಮೆಸೇಜ್ ಹಾಕು.

ನಿನ್ನ ಮಾವ