ನಿದ್ದೆ ಬಾರದ ರಾತ್ರಿಯನ್ನು ಬರೆಯುವ ಬಗ್ಗೆ

ಪ್ರಿಯ ಸುಮಾ ಅವರಿಗೆ,

ನಿಮ್ಮ ಕಥೆ ಓದಿದೆ. ಅಕ್ಕನ ಮಾತಿನಂತೆ ಅಪ್ಪನ ಮನೆ ಮಾರಲು ಮರುದಿನ ಸಹಿ ಹಾಕಬೇಕಾದ ರಘು ನಿದ್ದೆಯಿಲ್ಲದೆ ಹೊರಳಾಡುವ ಭಾಗದಲ್ಲಿ ಓದಿದವರೆಲ್ಲ ದಾರಿ ತಪ್ಪುತ್ತಿದ್ದಾರೆ, ಅದನ್ನು ಮೊಟಕು ಮಾಡಲೇ ಎಂದು ಕೇಳಿದ್ದೀರಿ. ಮೊಟಕು ಮಾಡಬೇಡಿ. ತೊಂದರೆ ಉದ್ದದ್ದಲ್ಲ. ಒಂದು ಯೋಚನೆಯಿಂದ ಇನ್ನೊಂದಕ್ಕೆ ಅವನು ಹೇಗೆ ಹೋದ ಎಂಬುದು ನಿಮಗೆ ಗೊತ್ತು, ಆದರೆ ಅದು ಪುಟದ ಮೇಲೆ ಬಂದಿಲ್ಲ. ಪ್ರಜ್ಞಾಪ್ರವಾಹ ಎಷ್ಟು ಬೇಕಾದರೂ ಜಿಗಿಯಲಿ, ಜಿಗಿಯಲು ಮೆಟ್ಟಿದ ಕಲ್ಲು ಓದುಗರಿಗೆ ಕಾಣಬೇಕು.

ನಿಮ್ಮ ಕರಡಿನಲ್ಲಿ ಬಚ್ಚಲಿನ ನಲ್ಲಿ ತೊಟ್ಟಿಕ್ಕುತ್ತದೆ, ಮುಂದಿನ ಸಾಲಿನಲ್ಲೇ ಮನೆ ಕೊಳ್ಳುವವನ ಮೇಲೆ ರಘುವಿಗೆ ಸಿಟ್ಟು ಬರುತ್ತದೆ. ನಡುವಿನದ್ದು ನಿಮ್ಮ ತಲೆಯಲ್ಲೇ ಉಳಿದಿದೆ. ಅದನ್ನು ತುಂಬಿ ಹೀಗೆ ಬರೆದು ನೋಡಿ:

“ಟಪ್. ಕೆಳಗೆ ಬಕೆಟ್ ಇಡಬೇಕಿತ್ತು. ಯಾರು ಏಳ್ತಾರೆ ಈಗ. ಟಪ್. ಆ ಮನೆಯ ನಲ್ಲಿನೂ ಹೀಗೇ, ಅಪ್ಪ ಬಟ್ಟೆ ಸುತ್ತಿ ದಾರ ಕಟ್ಟಿದ್ರು, ಯಾರಿಗೂ ಬಿಚ್ಚೋಕಾಗದ ಗಂಟು. ಈಗಲೂ ಇರತ್ತೆ. ಮೊದಲು ಅದನ್ನೇ ಕಿತ್ತು ಬಿಸಾಡ್ತಾನೆ, ಹೊಸ ನಲ್ಲಿ ಹಾಕಿಸ್ತಾನೆ. ನಿನಗೇನೋ, ಒಂದು ಸಹಿ ಹಾಕಿದ್ರೆ ಮುಗೀತು ಅಂತಾಳೆ. ಹತ್ತು ಗಂಟೆಗೆ. ಈಗೆಷ್ಟು? ನೋಡಬಾರದು. ಟಪ್.”

ಇಲ್ಲಿ ಮೂರು ಜಿಗಿತಗಳಿವೆ. ನಲ್ಲಿಯಿಂದ ಹಳೆಯ ಮನೆಯ ನಲ್ಲಿಗೆ, ಅಪ್ಪನ ಗಂಟಿನಿಂದ ಅದನ್ನು ಕೀಳುವವನಿಗೆ, ಮನೆ ಕೈಬಿಡುವ ನೋವಿನಿಂದ ಅಕ್ಕನ ಮಾತಿಗೆ. ಮೊದಲ ಎರಡಕ್ಕೂ ಕಣ್ಣಿಗೆ ಕಾಣುವ ಕೊಂಡಿಯಿದೆ. ಮೂರನೆಯದಕ್ಕೆ ವಸ್ತುವಿನ ಕೊಂಡಿ ಇಲ್ಲ, ಬರೀ ಭಾವದ ಕೊಂಡಿ. ಎರಡು ಗಟ್ಟಿ ಜಿಗಿತಗಳ ನಂತರ ಒಂದು ಸಡಿಲ ಜಿಗಿತವನ್ನು ಓದುಗರು ತಾವೇ ದಾಟುತ್ತಾರೆ. ಮೂರೂ ಸಡಿಲವಾದರೆ ಕೈಬಿಡುತ್ತಾರೆ. ಕೊನೆಗೆ ‘ಟಪ್’ ಮತ್ತೆ ಬಂದು ಅವರನ್ನು ಹಾಸಿಗೆಗೆ ಕರೆತರುತ್ತದೆ. ನನ್ನ ಅಂದಾಜಿನಲ್ಲಿ ನೂರೈವತ್ತು ಪದಗಳೊಳಗೆ ಒಮ್ಮೆಯಾದರೂ ಕೋಣೆಯೋ ಮೈಯೋ ಮರಳಿ ಬರಬೇಕು: ಜೋಮು ಹಿಡಿದ ತೋಳು, ಬೆವರಿದ ದಿಂಬು, ಆ ನಲ್ಲಿ. ಆದರೆ ಪ್ರತಿ ಸಲ ಹೊಸ ಸದ್ದು ತರಬೇಡಿ. ಕರಡಿನಲ್ಲಿ ನಾಯಿ, ಗಡಿಯಾರ, ಲಾರಿ, ಫ್ಯಾನು ಎಲ್ಲವೂ ಇವೆ. ಒಂದನ್ನೇ ಇಟ್ಟುಕೊಂಡರೆ ಅದು ಕೇಳಿದ ಕೂಡಲೇ ಎಲ್ಲಿದ್ದೇವೆಂದು ಓದುಗರಿಗೆ ತಿಳಿಯುತ್ತದೆ.

ಮೇಲಿನ ತುಣುಕಿನಲ್ಲಿ ಅಕ್ಕನ ಹೆಸರಾಗಲಿ ಕೊಳ್ಳುವವನ ಹೆಸರಾಗಲಿ ಇಲ್ಲ. ಆದರೂ ಯಾರು ಯಾರೆಂದು ಗೊಂದಲವಾಗುವುದಿಲ್ಲ. ಕಟ್ಟಿದ್ರು, ಬಿಸಾಡ್ತಾನೆ, ಅಂತಾಳೆ: ಕ್ರಿಯಾಪದದ ಕೊನೆಯೇ ಆಳನ್ನು ಗುರುತಿಸಿಬಿಡುತ್ತದೆ. ಕನ್ನಡ ನಮಗೆ ಕೊಟ್ಟಿರುವ ದೊಡ್ಡ ಅನುಕೂಲವಿದು, ಇದನ್ನು ಲೆಕ್ಕ ಹಾಕಿ ಬಳಸಿ. ರಾತ್ರಿಯ ಯೋಚನೆಯೊಳಗೆ ಬರುವ ಜನರನ್ನು ಆರಿಸುವಾಗ ಒಬ್ಬೊಬ್ಬರಿಗೂ ಬೇರೆ ಬೇರೆ ಪ್ರತ್ಯಯ ಸಿಗುವ ಹಾಗೆ ನೋಡಿಕೊಳ್ಳಿ. ನೀವು ಚಿಕ್ಕಪ್ಪನನ್ನೂ ತಂದಿದ್ದೀರಿ. ಅಪ್ಪ, ಚಿಕ್ಕಪ್ಪ ಇಬ್ಬರಿಗೂ ‘ಅಂದ್ರು’ ಎಂದೇ ಬರುವುದರಿಂದ ಮಾತು ಯಾರದ್ದೆಂದು ತಿಳಿಯುವುದಿಲ್ಲ. ಚಿಕ್ಕಪ್ಪ ಹಗಲಿನ ದೃಶ್ಯದಲ್ಲಿರಲಿ, ರಾತ್ರಿಗೆ ಬೇಡ.

ಇನ್ನು ಒಳಗೆ ಇಳಿಯುವ ಬಗೆ. ‘ರಘು ದೀಪ ಆರಿಸಿದ’ ಎಂದು ಬರೆದ ಮರುಸಾಲಿಗೇ ‘ನಾನು’ ಬಂದರೆ ಓದುಗರು ತಡವರಿಸುತ್ತಾರೆ. ನಡುವೆ ‘ತಾನು’ ಎಂಬ ಮೆಟ್ಟಿಲಿದೆ. ‘ರಘು ಮಗ್ಗುಲು ಬದಲಿಸಿದ. ನಲ್ಲಿ ಇನ್ನೂ ತೊಟ್ಟಿಕ್ಕುತ್ತಿತ್ತು. ತಾನಾದರೂ ಎದ್ದು ಬಕೆಟ್ ಇಡಬೇಕಿತ್ತು. ಯಾರು ಏಳ್ತಾರೆ ಈಗ.’ ಮೊದಲ ವಾಕ್ಯ ಹೊರಗಿನಿಂದ ಹೇಳಿದ್ದು, ಮೂರನೆಯದು ಅರ್ಧ ಒಳಗಿನದು, ನಾಲ್ಕನೆಯದು ಪೂರ್ತಿ ಅವನದೇ. ಭಾಷೆಯೂ ಅಲ್ಲಿಗೆ ಗ್ರಂಥದಿಂದ ಆಡುಮಾತಿಗೆ ಹೊರಳಿದೆ, ‘ಏಳುತ್ತಾರೆ’ ಹೋಗಿ ‘ಏಳ್ತಾರೆ’ ಬಂದಿದೆ. ಈ ಹೊರಳುವಿಕೆಯೇ ಸಾಕಷ್ಟು ದೊಡ್ಡ ಸೂಚನೆ, ‘ಎಂದು ಯೋಚಿಸಿದ’ ಎಂಬ ಬಾಲ ಬೇಕಾಗುವುದಿಲ್ಲ. ನಿಮ್ಮಲ್ಲಿ ಆ ಬಾಲ ಹನ್ನೆರಡು ಕಡೆ ಇದೆ, ಎಲ್ಲವನ್ನೂ ತೆಗೆಯಿರಿ. ಒಮ್ಮೆ ಆಡುಮಾತಿಗೆ ಇಳಿದ ಮೇಲೆ ಅಲ್ಲೇ ಇರಿ. ‘ಆದರೆ ಅಕ್ಕನ ನಿರ್ಧಾರ ಅನಿವಾರ್ಯವಾಗಿತ್ತು’ ಎಂಬ ವಾಕ್ಯ ಬಂದಲ್ಲಿ ರಘು ಮಾಯವಾಗಿ ನೀವು ಕಾಣಿಸುತ್ತೀರಿ.

ಇದೇ ಕಾರಣಕ್ಕೆ ‘ಅಕ್ಕ ಸರೋಜ, ನನಗಿಂತ ಐದು ವರ್ಷ ದೊಡ್ಡವಳು’ ಎಂಬ ಸಾಲೂ ನಿಲ್ಲುವುದಿಲ್ಲ. ತನ್ನ ಅಕ್ಕನನ್ನು ಯಾರೂ ತನಗೇ ಪರಿಚಯಿಸಿಕೊಳ್ಳುವುದಿಲ್ಲ. ದೀಪ ಆರುವ ಮುಂಚೆಯೇ ಓದುಗರ ಕೈಯಲ್ಲಿ ಮೂರು ಸಂಗತಿಗಳಿರಲಿ: ಅಪ್ಪನ ಮನೆ ಮಾರುತ್ತಿದ್ದಾರೆ, ಮಾರಬೇಕೆಂದವಳು ಅಕ್ಕ, ನಾಳೆ ಹತ್ತಕ್ಕೆ ರಘು ಸಹಿ ಹಾಕಬೇಕು. ಸಂಜೆಯ ಒಂದು ಫೋನ್ ಮಾತಿನಲ್ಲಿ ಮೂರನ್ನೂ ಹೇಳಿಬಿಡಬಹುದು. ಆಮೇಲೆ ಮನಸ್ಸು ಎಲ್ಲಿಗೆ ಹೋದರೂ ಓದುಗರು ಆ ಸಹಿಗೆ ಕಟ್ಟಿಕೊಂಡೇ ಓದುತ್ತಾರೆ. ಸಹಿ ಹಾಕಲೋ ಬೇಡವೋ ಎಂಬ ಪ್ರಶ್ನೆಗೆ ಯಾವ ದಾರಿಯಿಂದಲೂ ತಲುಪದ ನೆನಪು ಎಷ್ಟೇ ಚೆನ್ನಾಗಿದ್ದರೂ ಈ ರಾತ್ರಿಯದ್ದಲ್ಲ. ಶಾಲೆಯ ಓಟದ ಸ್ಪರ್ಧೆಯನ್ನು ನೀವು ತುಂಬ ಸೊಗಸಾಗಿ ಬರೆದಿದ್ದೀರಿ. ಅದಕ್ಕೆ ಬೇರೆ ಕಥೆ ಬರೆಯಿರಿ.

ಇಡೀ ರಾತ್ರಿ ಒಂದೇ ಹದದಲ್ಲಿ ಹರಿಯುತ್ತಿರುವುದು ಇನ್ನೊಂದು ತೊಡಕು. ನಿದ್ದೆಗೆಟ್ಟವರ ತಲೆ ಹನ್ನೊಂದೂವರೆಗೆ ಓಡುವ ಹಾಗೆ ಮೂರಕ್ಕೆ ಓಡುವುದಿಲ್ಲ. ಮೊದಲ ಹೊತ್ತಿನಲ್ಲಿ ರಘು ವಾದ ಕಟ್ಟುತ್ತಾನೆ: ನಾಳೆ ಅಕ್ಕ ಹೀಗಂದರೆ ತಾನು ಹಾಗನ್ನಬೇಕು ಎಂದು. ಅಲ್ಲಿ ವಾಕ್ಯಗಳು ಪೂರ್ತಿ ಇರಲಿ, ತರ್ಕವೂ ಇರಲಿ. ಓದುಗರು ಅವನ ದನಿಗೆ ಒಗ್ಗಿಕೊಳ್ಳುವುದು ಇಲ್ಲೇ. ಆಮೇಲೆ ಅದೇ ವಾದ ಮರಳಿ ಬರುತ್ತದೆ, ಪ್ರತಿ ಸುತ್ತಿನಲ್ಲೂ ಮೊಟಕಾಗುತ್ತ, ಕೊನೆಗೆ ‘ಸಹಿ ಹಾಕಿದ್ರೆ ಮುಗೀತು’ ಎಂಬಷ್ಟೇ ಉಳಿಯುತ್ತದೆ. ಸುತ್ತು ಮೂರಕ್ಕಿಂತ ಹೆಚ್ಚು ಬೇಡ, ಪ್ರತಿ ಸುತ್ತಿನಲ್ಲೂ ಒಂದಾದರೂ ಹೊಸ ವಿವರ ಸೇರಲಿ. ಎರಡನೆಯ ಸುತ್ತಿನಲ್ಲಿ, ಆ ಗಂಟು ಕಟ್ಟುವಾಗ ದಾರ ಹಿಡಿದುಕೊಂಡಿದ್ದವಳು ಅಕ್ಕನೇ ಎಂಬುದು ಅವನಿಗೆ ನೆನಪಾಗಲಿ.

ಎರಡು ಗಂಟೆಯ ಸುಮಾರಿಗೆ ಮಂಪರು. ಕಣ್ಣೇ ಮುಚ್ಚಿಲ್ಲ ಎನ್ನುವವರಲ್ಲಿ ಹಲವರು ನಡುವೆ ಎಷ್ಟೋ ಹೊತ್ತು ನಿದ್ದೆ ಮಾಡಿರುತ್ತಾರೆ, ಅದು ಅವರಿಗೆ ತಿಳಿದಿರುವುದಿಲ್ಲ. ಇದನ್ನು ವಿವರಿಸಲು ಹೋಗಬೇಡಿ, ಗಡಿಯಾರಕ್ಕೆ ಬಿಡಿ. ಒಂದು ಸಾಲಿನಲ್ಲಿ 1.20, ಅಪ್ಪ ನಲ್ಲಿಯ ಬಟ್ಟೆ ಬಿಚ್ಚಿ ಅದಕ್ಕೇ ಸಹಿ ಹಾಕುವ ಎರಡು ವಾಕ್ಯ, ಮತ್ತೆ ನೋಡಿದರೆ 2.45. ವಿರಾಮಚಿಹ್ನೆ ಬಿಡಬೇಕೆಂಬ ಆಸೆ ನಿಮಗಿದ್ದರೆ ಅದಕ್ಕೆ ಸರಿಯಾದ ಜಾಗ ಇದೊಂದೇ. ಕೆಲವೇ ಸಾಲುಗಳಲ್ಲಿ, ಗಡಿಯಾರ ಎರಡೂ ಕಡೆ ಕಾವಲಿಗಿರುವಾಗ, ಓದುಗರು ಅದನ್ನು ಸಹಿಸುತ್ತಾರೆ. ಉಳಿದಂತೆ ಗಂಟೆ ಎಷ್ಟೆಂದು ರಾತ್ರಿಗೆ ಮೂರು ನಾಲ್ಕು ಸಲ ಹೇಳಿದರೆ ಸಾಕು.

ತಿದ್ದಿದ ಮೇಲೆ ಕಥೆ ಗೊತ್ತಿಲ್ಲದ ಒಬ್ಬರಿಗೆ ಪೆನ್ಸಿಲ್ ಕೊಟ್ಟು ಓದಿಸಿ. ಅರ್ಥವಾಯಿತೇ ಎಂದು ಕೇಳಬೇಡಿ, ಹೂಂ ಅಂದುಬಿಡುತ್ತಾರೆ. ಹಿಂದಿನ ಸಾಲಿಗೆ ಕಣ್ಣು ಮರಳಿದಲ್ಲೆಲ್ಲ ಒಂದು ಗೀಟು ಹಾಕಲು ಹೇಳಿ. ತಪ್ಪು ಸಾಮಾನ್ಯವಾಗಿ ಗೀಟು ಬಿದ್ದ ಸಾಲಿನಲ್ಲಿರುವುದಿಲ್ಲ, ಅದಕ್ಕಿಂತ ಒಂದೆರಡು ವಾಕ್ಯ ಮೇಲಿರುತ್ತದೆ, ಕೊಂಡಿ ಬಿಟ್ಟುಹೋದ ಕಡೆ. ಗೀಟುಗಳಿರುವ ಆ ಪ್ರತಿಯನ್ನೇ ನನಗೆ ಕಳಿಸಿ.

ವಿಶ್ವಾಸದಿಂದ,
ನಿಮ್ಮ ಹಿತೈಷಿ